ಒತ್ತಿದ್ದು ಒಂದು, ಬಿದ್ದದ್ದು ಎರಡು

ಫೋಲ್ಡರನ್ನು ಒಮ್ಮೆ ಒತ್ತಿದರೆ ತೆರೆದೇಬಿಡುತ್ತದೆ. ಎಳೆದೊಯ್ಯುವ ಕಡತ ನಡುದಾರಿಯಲ್ಲೇ ಬಿದ್ದುಹೋಗುತ್ತದೆ. ನನ್ನ ಹಳೆಯ ಮೌಸ್ ಹೀಗಾಡಿದಾಗ ವೈರಸ್ ಇರಬೇಕೆಂದುಕೊಂಡೆ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದೇ ಕಾಟ. ದೋಷ ಮೌಸಿನದೇ.

ಗುಂಡಿಯ ಕೆಳಗೆ ಮೈಕ್ರೋಸ್ವಿಚ್ ಎಂಬ ಪುಟ್ಟ ಡಬ್ಬಿಯಿದೆ. ಒತ್ತಿದಾಗ ಅದರೊಳಗಿನ ತೆಳು ಲೋಹದ ಪಟ್ಟಿ ಟಕ್ಕೆಂದು ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ತಾಗುವಾಗ ಹೊಸ ಪಟ್ಟಿಯೂ ಕೊಂಚ ಪುಟಿಯುತ್ತದೆ. ಕೆಲವು ಮಿಲಿಸೆಕೆಂಡುಗಳ ಆ ಪುಟಿತವನ್ನು ಮೌಸಿನ ಚಿಪ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಟ್ಟಿಯ ಬಿಗಿ ಸಡಿಲಿ, ತಾಗುವ ಜಾಗ ಸವೆದು ಕಪ್ಪಿಟ್ಟರೆ ಸಂಪರ್ಕ ಇನ್ನೂ ಹೆಚ್ಚು ಹೊತ್ತು ತಪ್ಪಿ ಮತ್ತೆ ಸೇರುತ್ತದೆ. ಚಿಪ್ ಅದನ್ನು ಎರಡನೇ ಕ್ಲಿಕ್ ಎಂದು ಓದುತ್ತದೆ.

ಕೇಬಲ್ ಕಿತ್ತು, ಅಡಿಯ ಜಾರುಪಟ್ಟಿಗಳನ್ನು ಎಬ್ಬಿಸಿದರೆ ಅನೇಕ ಮೌಸ್‌ಗಳಲ್ಲಿ ಸ್ಕ್ರೂ ಕಾಣುತ್ತದೆ. ಸ್ವಿಚ್ಚಿನ ಮುಚ್ಚಳವನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಮೀಟಿ, ಪಟ್ಟಿಯ ಬಾಗಿದ ನಾಲಿಗೆಯನ್ನು ಕೂದಲೆಳೆಯಷ್ಟು ಹೆಚ್ಚು ಬಗ್ಗಿಸಬಹುದು. ಮುಚ್ಚಳದಲ್ಲಿರುವ ಸಾಸಿವೆಯಂಥ ಗುಂಡಿ ಹಾರಿಹೋಗದಂತೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಆದರೆ ಹೀಗೆ ಬಗ್ಗಿಸಿದ ಪಟ್ಟಿ ಮತ್ತೆ ಸಡಿಲಾಗುವುದುಂಟು. ಬಾಳಿಕೆಯ ದುರಸ್ತಿಯೆಂದರೆ ಹಳೆಯ ಸ್ವಿಚ್ಚಿನ ಮೂರು ಕಾಲುಗಳ ಬೆಸುಗೆ ಕರಗಿಸಿ ತೆಗೆದು, ಅದೇ ಅಳತೆಯ ಹೊಸದನ್ನು ಗುಂಡಿಯ ಬದಿ ಮೊದಲಿನಂತೆಯೇ ಬರುವ ಹಾಗೆ ಕೂರಿಸಿ ಬೆಸೆಯುವುದು. ಮೊಬೈಲ್ ರಿಪೇರಿಯವರಿಗೆ ಇದು ಹತ್ತು ನಿಮಿಷದ ಕೆಲಸ.