ಬ್ರಾ ತಂತಿ ಯಾಕೆ ಹೊರಬರುತ್ತದೆ?

ಕೊಂಡು ಆರು ತಿಂಗಳೂ ಆಗಿರುವುದಿಲ್ಲ, ಕಂಕುಳ ಹತ್ತಿರ ಬಟ್ಟೆ ತೂತಾಗಿ ತಂತಿ ಚುಚ್ಚತೊಡಗುತ್ತದೆ. ತೂತಿಗೆ ನಾಲ್ಕು ಹೊಲಿಗೆ ಹಾಕಿದರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಹೊರಬರುತ್ತದೆ. ತಂತಿಯನ್ನು ಬೈಯುವ ಮೊದಲು ಅದು ಓಡಾಡುವ ದಾರಿಯನ್ನು ನೋಡಬೇಕು.

ಕಪ್ಪಿನ ಬುಡಕ್ಕೆ ಅರ್ಧಚಂದ್ರಾಕಾರದಲ್ಲಿ ಹೊಲಿದ ಟೊಳ್ಳು ಪಟ್ಟಿಯೇ ಚಾನೆಲ್. ಇದರ ಬಟ್ಟೆ ದಪ್ಪಗಿದ್ದು, ಮೈಗೆ ತಾಗುವ ಕಡೆ ಮೆತ್ತಗಿರುತ್ತದೆ. ಬ್ರಾ ತೊಟ್ಟಾಗ ಎದೆಸುತ್ತಿನ ಪಟ್ಟಿ ಹಿಗ್ಗಿ, ತಂತಿಯ ಎರಡೂ ತುದಿಗಳು ತುಸು ಅಗಲವಾಗುತ್ತವೆ. ಆ ಚಲನೆಗೆ ಜಾಗ ಬೇಕು. ಚಾನೆಲ್ಲಿನ ಉದ್ದ 23 ಸೆಂ.ಮೀ. ಇದ್ದರೆ ತಂತಿ 22 ಸೆಂ.ಮೀ. ಇರಲಿ, ಎರಡೂ ಕಡೆ ಅರ್ಧರ್ಧ ಸೆಂ.ಮೀ. ಉಳಿಯುತ್ತದೆ. ತುದಿಗಳನ್ನು ಒತ್ತೊತ್ತಾದ ಅಡ್ಡ ಹೊಲಿಗೆಯಿಂದ ಭದ್ರಪಡಿಸಬೇಕು. ಜಾಗ ಬಿಡದೆ ಹೊಲಿದರೆ ತಂತಿ ದಿನವೂ ಒಂದೇ ಕಡೆ ಒತ್ತಿ ಬಟ್ಟೆಯನ್ನು ಸವೆಸುತ್ತದೆ.

ಕಪ್ ಚಿಕ್ಕದಾದರೂ ಇದೇ ಗತಿ. ಆಗ ತಂತಿ ಸ್ತನದ ಬುಡದಲ್ಲಿ ಕೂರದೆ ಅದರ ಮೇಲೆಯೇ ಹತ್ತಿ ನಿಲ್ಲುತ್ತದೆ. ಗುರುತಿಸುವುದು ಸುಲಭ: ಎರಡು ಕಪ್ಪುಗಳ ನಡುವಿನ ತುಂಡು ಎದೆಮೂಳೆಗೆ ತಾಗದೆ ಎದ್ದು ನಿಂತಿರುತ್ತದೆ. ಕಪ್ಪಿಗೆ ಆಳ ಬರುವುದು ಜೋಡುಹೊಲಿಗೆಯಿಂದ. ಕಟೋರಿ ಬ್ಲೌಸ್ ಹೊಲಿದವರಿಗೆ ಇದು ಗೊತ್ತು: ಎರಡು ತುಂಡುಗಳ ಉಬ್ಬಿದ ಅಂಚುಗಳನ್ನು ಎದುರುಬದುರು ಇಟ್ಟು ಹೊಲಿದರೆ ಚಪ್ಪಟೆ ಬಟ್ಟೆ ಗುಮ್ಮಟವಾಗುತ್ತದೆ. ಅಂಚು ಹೆಚ್ಚು ಉಬ್ಬಿದಷ್ಟೂ ಆಳ ಹೆಚ್ಚು. ಹೊಲಿಗೆ ಸ್ತನದ ತುದಿಯ ಮೇಲೆ ಅಥವಾ ತೀರಾ ಹತ್ತಿರ ಹಾದುಹೋಗಬೇಕು. ಭಾರ ಹೆಚ್ಚಿದ್ದರೆ ಕಂಕುಳ ಕಡೆಗೆ ಮೂರನೆಯ ತುಂಡು ಸೇರಿಸುತ್ತಾರೆ. ಅದು ಸ್ತನವನ್ನು ಪಕ್ಕದಿಂದ ಮುಂದಕ್ಕೆ ತರುತ್ತದೆ. ಹೊಲಿಗೆಯಿಲ್ಲದ ನುಣುಪು ಕಪ್ ಟೀಶರ್ಟಿನೊಳಗೆ ಚೆನ್ನ. ಆದರೆ ಭಾರ ಎತ್ತಿ ಹಿಡಿಯುವುದರಲ್ಲಿ ನನ್ನ ಮತ ಹೊಲಿಗೆಯ ಕಪ್ಪಿಗೇ.

ಇಷ್ಟೆಲ್ಲ ಸರಿಯಿದ್ದರೂ ಎಲಾಸ್ಟಿಕ್ ಸೋತರೆ ತಂತಿ ನಿಲ್ಲುವುದಿಲ್ಲ. ಭಾರದ ಬಹುಪಾಲನ್ನು ಹೊರುವುದು ಎದೆಸುತ್ತಿನ ಪಟ್ಟಿ; ಭುಜದ ಪಟ್ಟಿಯ ಪಾಲು ಕಡಿಮೆ. ಪಟ್ಟಿಯ ಕೆಳ ಅಂಚು 66 ಸೆಂ.ಮೀ. ಇದ್ದರೆ ಎಲಾಸ್ಟಿಕ್ ಅನ್ನು ಸುಮಾರು 60 ಸೆಂ.ಮೀ.ಗೆ ಕತ್ತರಿಸಿ, ಎಳೆದು ಹಿಡಿದು ಜಿಗ್‌ಜಾಗ್ ಹೊಲಿಗೆ ಹಾಕುತ್ತಾರೆ. ನೇರ ಹೊಲಿಗೆ ಹಾಕಿದರೆ ಎಳೆದಾಗ ದಾರ ಕಡಿಯುತ್ತದೆ. ಎಳೆಯುವುದನ್ನು ಕಪ್ಪುಗಳ ಕೆಳಗೆ ಕಡಿಮೆ ಮಾಡಿ, ಪಕ್ಕ ಮತ್ತು ಬೆನ್ನಿನ ಭಾಗಕ್ಕೆ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ತಂತಿಯೇ ಸೊಟ್ಟಗಾಗುತ್ತದೆ. ಭುಜಕ್ಕೆ ಮಾತ್ರ ಕಡಿಮೆ ಹಿಗ್ಗುವ ಎಲಾಸ್ಟಿಕ್ ಬೇಕು, ಭಾರ ಹೆಚ್ಚಿದ್ದರೆ ಅಗಲವೂ ಹೆಚ್ಚಿರಬೇಕು.

ಬೆನ್ನಿನ ಪಟ್ಟಿ ಮೇಲಕ್ಕೆ ಸರಿದರೆ ಅದು ಸಡಿಲವೆಂದೇ ಅರ್ಥ. ಆಗ ಭುಜದ ಪಟ್ಟಿ ಬಿಗಿ ಮಾಡಿದರೆ ಬೆನ್ನು ಇನ್ನಷ್ಟು ಮೇಲೇರುತ್ತದೆ. ಹೊಸದನ್ನು ಕೊಳ್ಳುವಾಗ ಅತ್ಯಂತ ಸಡಿಲದ ಹುಕ್ಕಿಗೆ ಸರಿಯಾಗಿ ಕೂರುವುದನ್ನೇ ಆರಿಸಿ. ಎಲಾಸ್ಟಿಕ್ ಹಿಗ್ಗಿದಂತೆ ಒಳಗಿನ ಹುಕ್ಕುಗಳಿಗೆ ಸರಿಯಬಹುದು. ಕೊನೆಯ ಹುಕ್ಕಿನಲ್ಲೂ ಸಡಿಲವಾದಾಗ ತಂತಿಯ ತೂತು ಹೊಲಿದು ಉಪಯೋಗವಿಲ್ಲ.