ಮಾತ್ರೆಗೆ ಸೀನು ನಿಂತರೂ ಮೂಗು ಏಕೆ ಬಿಡುವುದಿಲ್ಲ?

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟದೆ ಬಿಟ್ಟ ಸೈಟುಗಳನ್ನು ಮಳೆ ಬಿದ್ದ ಕೆಲವೇ ವಾರಗಳಲ್ಲಿ ಪಾರ್ಥೇನಿಯಂ ಆವರಿಸಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಇದನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು, ಅಲ್ಲಿಂದ ದೇಶದ ತುಂಬ ಹಬ್ಬಿತು. ಇದರ ಪುಟ್ಟ ಬಿಳಿ ಹೂವಿನ ಪರಾಗ ಬೆಂಗಳೂರಿನ ಹಲವರ ಮೂಗಿನ ಅಲರ್ಜಿಗೆ ಕಾರಣವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹುಲ್ಲಿನ ಪರಾಗ ಮಾಡುವ ಕೆಲಸವನ್ನು ಇಲ್ಲಿ ಈ ಕಳೆ ಮಾಡುತ್ತದೆ. ಗಿಡ ಬೇರೆ, ಮೂಗಿನೊಳಗೆ ನಡೆಯುವುದು ಒಂದೇ. ಅದನ್ನೇ ವೈದ್ಯರು ಹೇ ಫೀವರ್ ಎನ್ನುತ್ತಾರೆ.

ಅಂಥ ಸೈಟಿನ ಪಕ್ಕದ ಮನೆಯ ಒಬ್ಬ ಶಿಕ್ಷಕಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಿಗ್ಗೆ ಬಾಗಿಲು ತೆಗೆದು ಅಂಗಳ ಗುಡಿಸುವಷ್ಟರಲ್ಲಿ ಮೂಗಿನ ಒಳಗೆ ನವೆ ಶುರು. ಆಮೇಲೆ ಒಂದರ ಹಿಂದೆ ಒಂದು ಎಂಟು ಹತ್ತು ಸೀನು. ಮೂಗಿನಿಂದ ತಿಳಿನೀರು ಸುರಿಯುತ್ತದೆ, ಕಣ್ಣು ಕೆಂಪಾಗುತ್ತದೆ. ಶಾಲೆ ತಲುಪುವ ಹೊತ್ತಿಗೆ ಒಂದು ಹೊಳ್ಳೆ ಕಟ್ಟಿರುತ್ತದೆ, ರಾತ್ರಿ ಎರಡೂ ಕಟ್ಟಿ ಬಾಯಲ್ಲಿ ಉಸಿರಾಡುತ್ತಾ ಮಲಗಬೇಕು. ಅವರು ಮೆಡಿಕಲ್ ಶಾಪಿನಿಂದ ಸೆಟಿರಿಜಿನ್ ತಂದು ನುಂಗುತ್ತಾರೆ. ಸೀನು ನಿಲ್ಲುತ್ತದೆ, ನೀರು ಕಡಿಮೆಯಾಗುತ್ತದೆ, ಕಟ್ಟಿದ ಮೂಗು ಮಾತ್ರ ಬಿಡುವುದಿಲ್ಲ. ಮಾತ್ರೆಯಲ್ಲೇ ದೋಷವಿದೆ ಎಂದು ಬ್ರ್ಯಾಂಡ್ ಬದಲಿಸುತ್ತಾರೆ, ಫಲ ಅಷ್ಟೇ. ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ದೋಷ ಮಾತ್ರೆಯಲ್ಲಿಲ್ಲ. ಹಿಸ್ಟಮಿನ್ ಎಂಬ ಒಂದೇ ರಾಸಾಯನಿಕ ಮೂಗಿನಲ್ಲಿ ಮೂರು ಬೇರೆ ದಾರಿ ಹಿಡಿಯುತ್ತದೆ, ಮೂರನೆಯ ದಾರಿಯಲ್ಲಿ ಅದಕ್ಕೆ ಜೊತೆಗಾರರಿದ್ದಾರೆ.

ಪಾರ್ಥೇನಿಯಂ ಪರಾಗದ ಒಂದು ಕಣ ನಮ್ಮ ತಲೆಗೂದಲಿನ ದಪ್ಪದ ಕಾಲು ಭಾಗದಷ್ಟಿರುತ್ತದೆ. ಈ ಗಾತ್ರದ ಕಣಗಳಲ್ಲಿ ಹೆಚ್ಚಿನವು ಶ್ವಾಸಕೋಶದವರೆಗೆ ಹೋಗುವುದಿಲ್ಲ, ಮೂಗಿನ ಒಳಮೈಯ ಒದ್ದೆ ಪೊರೆಗೆ ಅಂಟಿಕೊಳ್ಳುತ್ತವೆ. ಗಾಳಿಯನ್ನು ಸೋಸುವುದೇ ಆ ಪೊರೆಯ ಕೆಲಸ. ಅಂಟಿದ ಕಣ ತೇವ ಹೀರಿದೊಡನೆ ಅದರೊಳಗಿನ ಪ್ರೋಟೀನುಗಳು ಕರಗಿ ಹೊರಬರುತ್ತವೆ. ನಿಜವಾಗಿ ಅವು ನಿರುಪದ್ರವಿ. ಹೆಚ್ಚಿನವರ ಮೂಗು ಅವನ್ನು ಲೋಳೆಯ ಜೊತೆ ಗಂಟಲಿಗೆ ತಳ್ಳಿಬಿಡುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ.

ಶಿಕ್ಷಕಿಯ ದೇಹ ಮಾತ್ರ ಹಿಂದೆಂದೋ ಆ ಪ್ರೋಟೀನನ್ನು ಶತ್ರುವೆಂದು ಗುರುತು ಹಾಕಿಟ್ಟುಕೊಂಡಿದೆ. ಇದು ಮೊದಲ ಭೇಟಿಯಲ್ಲಿ ಆಗುವ ಕಾಯಿಲೆಯಲ್ಲ. ಊರಿಗೆ ಹೊಸದಾಗಿ ಬಂದವರು ಕೆಲವು ವರ್ಷ ಆರಾಮವಾಗಿದ್ದು ಆಮೇಲೆ ಸೀನಲು ಶುರುಮಾಡುವುದು ಇದೇ ಕಾರಣಕ್ಕೆ. ಆ ಅವಧಿಯಲ್ಲಿ ದೇಹ ಸದ್ದಿಲ್ಲದೆ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತಿರುತ್ತದೆ. ಈ ಐಜಿಇ ಮೂಗಿನ ಪೊರೆಯಲ್ಲಿರುವ ಮಾಸ್ಟ್ ಕೋಶಗಳ ಮೇಲ್ಮೈಗೆ ಹೋಗಿ ಕೂರುತ್ತದೆ. ಮಾಸ್ಟ್ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಹೊಟ್ಟೆಯ ತುಂಬ ಸಣ್ಣ ಸಣ್ಣ ಹರಳುಗಳು ಕಾಣುತ್ತವೆ. ಆ ಪ್ರತಿ ಹರಳಿನೊಳಗೂ ಮೊದಲೇ ತಯಾರಾದ ಹಿಸ್ಟಮಿನ್ ಇರುತ್ತದೆ.

ಪರಾಗದ ಪ್ರೋಟೀನಿನ ಒಂದೇ ಅಣು ಅಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ತಗಲಿಕೊಂಡರೆ ಕೋಶಕ್ಕೆ ಸೂಚನೆ ಸಿಕ್ಕಿದಂತೆ. ಹರಳುಗಳು ಕೋಶದ ಅಂಚಿಗೆ ಬಂದು ಒಳಗಿದ್ದುದನ್ನು ಹೊರಗೆ ಸುರಿಯುತ್ತವೆ. ಹಿಸ್ಟಮಿನ್ ಆಗ ಹೊಸದಾಗಿ ತಯಾರಾಗಬೇಕಿಲ್ಲ, ಸಿದ್ಧವಾಗಿಯೇ ಇರುತ್ತದೆ. ಬಾಗಿಲು ತೆಗೆದ ಕೆಲವೇ ನಿಮಿಷದಲ್ಲಿ ಸೀನು ಬರುವುದು ಅದಕ್ಕೇ.

ಹೊರಬಂದ ಹಿಸ್ಟಮಿನ್ ಮೊದಲು ಮುಟ್ಟುವುದು ಪೊರೆಯಲ್ಲಿ ಹರಡಿರುವ ನರಗಳ ತುದಿಗಳನ್ನು. ಅಲ್ಲಿ ಎಚ್1 ಎಂಬ ರಿಸೆಪ್ಟರುಗಳಿವೆ. ಹಿಸ್ಟಮಿನ್ ಅವುಗಳಿಗೆ ಅಂಟಿದ ಕೂಡಲೇ ನರ ನವೆಯ ಸುದ್ದಿಯನ್ನು ಮಿದುಳಿನ ಬುಡಕ್ಕೆ ಒಯ್ಯುತ್ತದೆ. ಅಲ್ಲಿಂದ ಬರುವ ಅಪ್ಪಣೆಯಂತೆ ಎದೆ ತುಂಬ ಗಾಳಿ ಎಳೆದುಕೊಂಡು, ಗಂಟಲು ಒಂದು ಕ್ಷಣ ಮುಚ್ಚಿ, ಹೊಟ್ಟೆ ಮತ್ತು ಎದೆಯ ಸ್ನಾಯುಗಳು ಬಿಗಿದು, ಗಾಳಿ ಒಮ್ಮೆಲೇ ಹೊರನುಗ್ಗುತ್ತದೆ. ಇದೇ ಸೀನು. ಒಂದು ಸೀನಿಗೆ ಪರಾಗದ ಕಣ ಹಾರಿಹೋದರೂ ಹಿಸ್ಟಮಿನ್ ಪೊರೆಯೊಳಗೇ ಉಳಿದಿರುತ್ತದೆ. ನವೆ ಆರುವುದಿಲ್ಲ, ಸೀನಿನ ಮೇಲೆ ಸೀನು ಬರುತ್ತದೆ.

ನೀರು ಸುರಿಯುವುದೂ ಬಹುಮಟ್ಟಿಗೆ ಇದೇ ನರಗಳ ಕೆಲಸ, ದಾರಿ ಮಾತ್ರ ಬೇರೆ. ಮಿದುಳಿಗೆ ಹೋದ ಸುದ್ದಿ ಅಲ್ಲಿಂದ ತಿರುಗಿ ಮೂಗಿನ ಗ್ರಂಥಿಗಳಿಗೆ ಬರುತ್ತದೆ, ಗ್ರಂಥಿಗಳು ನೀರು ಬಿಡುತ್ತವೆ. ಇದನ್ನು ಸಂಶೋಧಕರು ಬಹಳ ಸರಳವಾಗಿ ತೋರಿಸಿದ್ದಾರೆ. ಒಂದು ಹೊಳ್ಳೆಗೆ ಮಾತ್ರ ಹಿಸ್ಟಮಿನ್ ಹಾಕಿದರೂ ನೀರು ಎರಡೂ ಹೊಳ್ಳೆಗಳಲ್ಲಿ ಬರುತ್ತದೆ. ಎರಡನೆಯ ಹೊಳ್ಳೆಗೆ ಹಿಸ್ಟಮಿನ್ ಹೋಗಿಯೇ ಇಲ್ಲ, ಹೋದದ್ದು ನರದ ಅಪ್ಪಣೆ ಮಾತ್ರ. ಹಿಸ್ಟಮಿನ್ ಬಿದ್ದ ಕಡೆಯಲ್ಲಿ ಇದರ ಜೊತೆಗೆ ಇನ್ನೊಂದೂ ನಡೆಯುತ್ತದೆ. ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಒಂದರಿಂದೊಂದು ಸ್ವಲ್ಪ ಸರಿದು, ಸಂದಿಯಿಂದ ರಕ್ತದ ನೀರಿನ ಅಂಶ ಜಿನುಗುತ್ತದೆ. ಹೇ ಫೀವರಿನ ಸಿಂಬಳ ಗಟ್ಟಿಯಾಗಿರದೆ ತಿಳಿನೀರಿನಂತೆ ಕರವಸ್ತ್ರ ತೋಯಿಸುವುದು ಹೀಗೆ.

ಇನ್ನು ಮೂಗು ಕಟ್ಟುವ ವಿಚಾರ. ಸಿಂಬಳ ತುಂಬಿ ಮೂಗು ಕಟ್ಟಿದೆ ಎಂದೇ ಎಲ್ಲರೂ ತಿಳಿಯುತ್ತಾರೆ, ಜೋರಾಗಿ ಸೀಟಿ ಸೀಟಿ ನೋಯಿಸಿಕೊಳ್ಳುತ್ತಾರೆ. ಸೀಟಿದರೆ ಹೊರಬರುವಂಥದ್ದು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಹೊಳ್ಳೆಯ ಪಕ್ಕದ ಗೋಡೆಯಿಂದ ಟರ್ಬಿನೇಟ್ ಎಂಬ ಸುರುಳಿಯಂಥ ಉಬ್ಬುಗಳು ಚಾಚಿಕೊಂಡಿವೆ. ಒಳಬರುವ ಗಾಳಿಯನ್ನು ಬೆಚ್ಚಗೆ, ಒದ್ದೆಯಾಗಿ ಮಾಡುವ ಈ ಉಬ್ಬುಗಳಲ್ಲಿ, ಅದರಲ್ಲೂ ಕೆಳಗಿನದರಲ್ಲಿ, ರಕ್ತ ತುಂಬಿಕೊಳ್ಳಬಲ್ಲ ಅಗಲವಾದ ಸಿರೆಗಳಿವೆ. ಇವು ಸಡಿಲಗೊಂಡು ರಕ್ತ ತುಂಬಿದರೆ ಉಬ್ಬು ಊದಿ, ನಡುಗೋಡೆಯ ತನಕ ಬಂದು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಮಲಗಿದಾಗ ತಲೆಯ ಕಡೆಯ ಸಿರೆಗಳಲ್ಲಿ ರಕ್ತ ಹೆಚ್ಚು ನಿಲ್ಲುವುದರಿಂದ ರಾತ್ರಿ ಕಾಟ ಜಾಸ್ತಿ.

ಹಿಸ್ಟಮಿನ್ ಈ ಸಿರೆಗಳನ್ನು ಹಿಗ್ಗಿಸುವುದು ನಿಜ. ಆದರೆ ದೇಹ ಅದನ್ನು ಬೇಗ ಒಡೆದುಹಾಕುತ್ತದೆ, ಅದೊಂದರಿಂದಲೇ ಆದ ಊತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಊತವನ್ನು ಗಂಟೆಗಟ್ಟಲೆ ಉಳಿಸುವವು ಬೇರೆ. ಮಾಸ್ಟ್ ಕೋಶ ಹಿಸ್ಟಮಿನ್ ಸುರಿದ ಮೇಲೆ ಲ್ಯೂಕೋಟ್ರಯೀನ್ ಎಂಬ ರಾಸಾಯನಿಕಗಳನ್ನು ಹೊಸದಾಗಿ ತಯಾರಿಸಿ ಬಿಡುತ್ತದೆ. ಜೊತೆಗೆ ರಕ್ತದಿಂದ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಪೊರೆಗೆ ಕರೆಸುತ್ತದೆ. ಅವು ಬಂದು ಸೇರಲು ನಾಲ್ಕರಿಂದ ಎಂಟು ಗಂಟೆ ಬೇಕು. ಶಿಕ್ಷಕಿಗೆ ಬೆಳಿಗ್ಗೆ ತಾಗಿದ ಪರಾಗಕ್ಕೆ ಮಧ್ಯಾಹ್ನ, ಸಂಜೆ ಮೂಗು ಮತ್ತೆ ಬಿಗಿಯುವುದು ಈ ಎರಡನೆಯ ಸುತ್ತಿನಲ್ಲಿ. ದಿನಾ ಹೀಗೆ ನಡೆದರೆ ಪೊರೆ ಉರಿಯೂತದಲ್ಲೇ ಇದ್ದುಬಿಡುತ್ತದೆ. ಹೂವಿನ ಕಾಲದ ಆರಂಭದಲ್ಲಿ ಎಷ್ಟು ಪರಾಗಕ್ಕೆ ಸೀನು ಬರುತ್ತಿತ್ತೋ, ಕೆಲವು ವಾರಗಳ ನಂತರ ಅದಕ್ಕಿಂತ ಎಷ್ಟೋ ಕಡಿಮೆ ಪರಾಗ ಸಾಕಾಗುತ್ತದೆ.

ಈಗ ಸೆಟಿರಿಜಿನ್ ಕಡೆಗೆ ಬರೋಣ. ಈ ಬಗೆಯ ಮಾತ್ರೆ ಹಿಸ್ಟಮಿನ್ನನ್ನು ನಾಶ ಮಾಡುವುದಿಲ್ಲ. ಎಚ್1 ರಿಸೆಪ್ಟರನ್ನು ತಾನು ಹಿಡಿದುಕೊಂಡು ಹಿಸ್ಟಮಿನ್ನಿಗೆ ಜಾಗ ಕೊಡುವುದಿಲ್ಲ, ಬೀಗದ ಕಿಂಡಿಗೆ ಬೇರೊಂದು ಕೀಲಿ ತುರುಕಿಟ್ಟಂತೆ. ಹಾಗಾಗಿ ನರದ ದಾರಿಯಿಂದ ಬರುವ ನವೆ, ಸೀನು, ನೀರು ತಗ್ಗುತ್ತವೆ. ಮೂಗು ಕಟ್ಟುವುದು ಬಹುಪಾಲು ಲ್ಯೂಕೋಟ್ರಯೀನ್ ಮತ್ತು ಉರಿಯೂತದ ಕೈವಾಡವಾದ್ದರಿಂದ ಅಲ್ಲಿ ಈ ಮಾತ್ರೆಗೆ ಹೆಚ್ಚು ಕೆಲಸವಿಲ್ಲ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಜಾಗ ಹಿಡಿಯಬೇಕಾದ್ದು ಹಿಸ್ಟಮಿನ್ ಬರುವ ಮೊದಲು. ಹತ್ತು ಸೀನು ಬಂದ ಮೇಲೆ ನುಂಗುವುದಕ್ಕಿಂತ, ಆ ಕಾಲದಲ್ಲಿ ವೈದ್ಯರು ಹೇಳಿದಂತೆ ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಹಳೆಯ ಕಾಲದ ಕ್ಲೋರ್‌ಫೆನಿರಮಿನ್ ಮಿದುಳಿನೊಳಕ್ಕೂ ಹೋಗುತ್ತದೆ. ಅಲ್ಲಿ ನಮ್ಮನ್ನು ಎಚ್ಚರವಾಗಿಡುವುದರಲ್ಲಿ ಹಿಸ್ಟಮಿನ್ನಿಗೆ ಪಾಲಿದೆ, ಅದನ್ನು ತಡೆದರೆ ತೂಕಡಿಕೆ ಬರುತ್ತದೆ. ಸ್ಕೂಟರ್ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ಇದನ್ನು ನುಂಗಿ ಕೆಲಸಕ್ಕೆ ಹೋಗುವುದು ಅಪಾಯ. ಸೆಟಿರಿಜಿನ್ನಿನಲ್ಲಿ ಆ ತೊಂದರೆ ಕಡಿಮೆ, ಫೆಕ್ಸೋಫೆನಡಿನ್ನಿನಲ್ಲಿ ಇನ್ನೂ ಕಡಿಮೆ.

ಮೂಗು ಬಿಡಲಿಲ್ಲವೆಂದು ಶಿಕ್ಷಕಿಯಂಥವರು ಮುಂದೆ ಕೈ ಹಾಕುವುದು ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಇರುವ ಮೂಗಿನ ಹನಿಗೆ. ಅದು ಸಿರೆಗಳನ್ನು ನೇರವಾಗಿ ಕುಗ್ಗಿಸುತ್ತದೆ, ಹಾಕಿದ ಕೆಲವೇ ನಿಮಿಷದಲ್ಲಿ ಉಸಿರು ಸಲೀಸು. ಇಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು, ಮತ್ತು ಇದನ್ನು ನಾನು ಒತ್ತಿ ಹೇಳಲೇಬೇಕು. ಐದು ದಿನಕ್ಕಿಂತ ಹೆಚ್ಚು ಕಾಲ ಹಾಕುತ್ತಾ ಹೋದರೆ ಹನಿಯ ಪ್ರಭಾವ ಇಳಿದೊಡನೆ ಸಿರೆಗಳು ಮೊದಲಿಗಿಂತ ಹೆಚ್ಚು ಊದುತ್ತವೆ. ಆಗ ಮತ್ತೆ ಹನಿ, ಮತ್ತೆ ಊತ. ಪರಾಗದ ಕಾಲ ಮುಗಿದರೂ ಹನಿಯಿಲ್ಲದೆ ನಿದ್ದೆ ಬಾರದು ಎನ್ನುವವರ ಮೂಗು ಕಟ್ಟಿರುವುದು ಅಲರ್ಜಿಯಿಂದಲ್ಲ, ಹನಿಯಿಂದ.

ಕಟ್ಟಿದ ಮೂಗಿಗೆ ಸರಿಯಾದ ಔಷಧಿ ಫ್ಲೂಟಿಕಸೋನ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂದೊಡನೆ ಜನ ಹೆದರುತ್ತಾರೆ. ಇದು ಅಲ್ಪ ಪ್ರಮಾಣದಲ್ಲಿ ಮೂಗಿನ ಪೊರೆಗೆ ಮಾತ್ರ ಬೀಳುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇಯೋಸಿನೋಫಿಲ್‌ಗಳು ಬಂದು ಸೇರುವುದನ್ನೂ ಲ್ಯೂಕೋಟ್ರಯೀನ್ ತಯಾರಿಯನ್ನೂ ಅದು ತಗ್ಗಿಸುತ್ತದೆ. ಅದಕ್ಕೆ ಹನಿಯ ವೇಗವಿಲ್ಲ, ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಹಾಕಿ ಉಪಯೋಗವಿಲ್ಲವೆಂದು ಬಿಡುವವರೇ ಹೆಚ್ಚು. ಹಾಕುವ ರೀತಿಯೂ ತಪ್ಪಿರುತ್ತದೆ. ತಲೆ ಸ್ವಲ್ಪ ಮುಂದೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಬೇಕು. ಆಗ ನಳಿಕೆ ತಾನಾಗಿ ಕಿವಿಯ ಕಡೆಗೆ ವಾಲಿ ಔಷಧಿ ಟರ್ಬಿನೇಟಿನ ಮೇಲೆ ಬೀಳುತ್ತದೆ. ಅದೇ ಕಡೆಯ ಕೈ ಬಳಸಿದರೆ ನಡುಗೋಡೆಗೆ ತಾಗಿ ರಕ್ತ ಬರಬಹುದು. ಹಾಕಿದ ಮೇಲೆ ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ, ಮೆಲ್ಲಗೆ ಉಸಿರೆಳೆದರೆ ಸಾಕು.

ಇಷ್ಟಕ್ಕೂ ಇದು ಬರೀ ನೆಗಡಿಯಲ್ಲವೆಂದು ತಿಳಿಯುವುದು ಹೇಗೆ? ನೆಗಡಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ, ಮೈಕೈ ನೋವು, ಗಂಟಲು ನೋವು ಜೊತೆಗಿರುತ್ತವೆ, ಸಿಂಬಳ ದಿನ ಕಳೆದಂತೆ ಗಟ್ಟಿಯಾಗುತ್ತದೆ. ಹೇ ಫೀವರಿನಲ್ಲಿ ಜ್ವರ ಬರುವುದಿಲ್ಲ. ಕಣ್ಣು, ಮೂಗು, ಅಂಗಳದಲ್ಲಿ ನವೆ ಇರುತ್ತದೆ, ತಿಳಿನೀರು ವಾರಗಟ್ಟಲೆ ತಿಳಿನೀರಾಗಿಯೇ ಇರುತ್ತದೆ. ಯಾವಾಗಲೂ ಒಂದೇ ಹೊಳ್ಳೆ ಕಟ್ಟುತ್ತಿದ್ದರೆ, ಅದರಿಂದ ರಕ್ತ ಬರುತ್ತಿದ್ದರೆ ಅದು ಅಲರ್ಜಿಯ ಲಕ್ಷಣವಲ್ಲ, ತಡಮಾಡದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ಯಾವ ಪರಾಗವೆಂದು ಖಚಿತವಾಗಬೇಕಾದರೆ ಚರ್ಮದ ಪರೀಕ್ಷೆಯಿದೆ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತಾನೇ ಈ ಕಾಯಿಲೆಯಿಂದ ನರಳುತ್ತಿದ್ದವನು. ತನ್ನ ಚರ್ಮವನ್ನೇ ಗೀರಿ ಅದರ ಮೇಲೆ ಹುಲ್ಲಿನ ಪರಾಗ ಇಟ್ಟು, ಅದು ಊದುವುದನ್ನು ಕಂಡು, 1873ರ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಇಂದಿನ ಪರೀಕ್ಷೆ ಅದರದೇ ಸುಧಾರಿತ ರೂಪ. ಮುಂಗೈಯ ಒಳಭಾಗದಲ್ಲಿ ಬೇರೆ ಬೇರೆ ಪರಾಗದ ಹನಿಗಳನ್ನು ಸಾಲಾಗಿ ಇಟ್ಟು, ಪ್ರತಿ ಹನಿಯ ಮೂಲಕ ಚರ್ಮವನ್ನು ಲಘುವಾಗಿ ಚುಚ್ಚುತ್ತಾರೆ. ಸಾಲಿನಲ್ಲಿ ಒಂದು ಹನಿ ಉಪ್ಪುನೀರು, ಒಂದು ಹನಿ ಹಿಸ್ಟಮಿನ್. ಕಾಲು ಗಂಟೆಯಲ್ಲಿ ಹಿಸ್ಟಮಿನ್ ಹನಿಯ ಕೆಳಗೆ ಸೊಳ್ಳೆ ಕಚ್ಚಿದಂಥ ಗಂಧೆ ಏಳಲೇಬೇಕು, ಉಪ್ಪುನೀರಿನ ಕೆಳಗೆ ಏಳಬಾರದು. ಪಾರ್ಥೇನಿಯಂ ಹನಿಯ ಕೆಳಗೆ ಎದ್ದ ಗಂಧೆ ಉಪ್ಪುನೀರಿನದಕ್ಕಿಂತ 3 ಮಿಲಿಮೀಟರಾದರೂ ದೊಡ್ಡದಿದ್ದರೆ ಶಿಕ್ಷಕಿಯ ದೇಹದಲ್ಲಿ ಅದಕ್ಕೆ ಐಜಿಇ ಇದೆ ಎಂದರ್ಥ. ಹಿಸ್ಟಮಿನ್ ಹನಿಯ ಕೆಳಗೂ ಏನೂ ಏಳದಿದ್ದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ. ಹಿಂದಿನ ರಾತ್ರಿ ನುಂಗಿದ ಸೆಟಿರಿಜಿನ್ ಚರ್ಮದ ಎಚ್1 ರಿಸೆಪ್ಟರುಗಳನ್ನೂ ಹಿಡಿದು ಕೂತಿರುತ್ತದೆ. ಅದಕ್ಕಾಗಿಯೇ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಆ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಮೂಗಿನ ಸ್ಪ್ರೇಯನ್ನು ನಿಲ್ಲಿಸಬೇಕಿಲ್ಲ.