ಹತ್ತು ಪದರದಲ್ಲಿ ಸಾವಿರ ಹೆಜ್ಜೆ ಹಿಂದಕ್ಕೆ

ನಮ್ಮ ಕಿವಿಗೆ ಮಾತು ಹರಿಯುವ ಧ್ವನಿ. ಕಂಪ್ಯೂಟರಿಗೆ ಅದು ಅಂಕಿಗಳ ಸಾಲು, ಸೆಕೆಂಡಿಗೆ 16,000. ಡೀಪ್‌ಮೈಂಡ್ ಸಂಸ್ಥೆ 2016ರಲ್ಲಿ ಹೊರತಂದ ವೇವ್‌ನೆಟ್, ಇಷ್ಟೂ ಅಂಕಿಗಳನ್ನು ಒಂದೊಂದಾಗಿ ಊಹಿಸಿಯೇ ಮಾತು ಕಟ್ಟುತ್ತಿತ್ತು.

ಇಂಥ ಸಾಲುಗಳ ಕೆಲಸಕ್ಕೆ ಆಗ ಸಾಮಾನ್ಯವಾಗಿ ಬಳಸುತ್ತಿದ್ದದ್ದು ರಿಕರೆಂಟ್ ಜಾಲ. ಅದು ಒಂದು ಅಂಕಿ ಓದಿ, ಅದರ ಸಾರವನ್ನು ನೆನಪಿನ ಬುಟ್ಟಿಗೆ ಹಾಕಿಕೊಂಡು ಮುಂದಿನದಕ್ಕೆ ಹೋಗುತ್ತದೆ. ಹಿಂದಿನದು ಮುಗಿಯದೆ ಮುಂದಿನದು ಶುರುವಾಗದು. ಬುಟ್ಟಿಯೂ ಒಂದೇ ಆದ್ದರಿಂದ ಹೊಸದು ಬಿದ್ದಂತೆಲ್ಲ ಹಳೆಯದು ಮಸುಕಾಗುತ್ತದೆ.

ವೇವ್‌ನೆಟ್ ಬುಟ್ಟಿಯನ್ನೇ ಕೈಬಿಟ್ಟಿತು. ಅದರ ಮೊದಲ ಪದರ ಪ್ರತಿ ಅಂಕಿಯನ್ನೂ ಅದರ ಹಿಂದಿನದರ ಜೊತೆ ಬೆರೆಸುತ್ತದೆ. ಎರಡನೆಯ ಪದರವೂ ಎರಡನ್ನೇ ಬೆರೆಸುವುದು, ಆದರೆ ಎರಡು ಹೆಜ್ಜೆ ಅಂತರದಲ್ಲಿ. ಆ ಎರಡರಲ್ಲಿ ಒಂದೊಂದೂ ಆಗಲೇ ಎರಡೆರಡು ಅಂಕಿಗಳ ಬೆರಕೆ, ಹಾಗಾಗಿ ಒಟ್ಟು ನಾಲ್ಕು ಅಂಕಿ ಕೈಗೆ ಬಂದವು. ನಡುವೆ ಬಿಟ್ಟುಹೋಯಿತೆಂದು ತೋರುವ ಅಂಕಿ ಕೆಳಗಿನ ಪದರದಲ್ಲೇ ಸೇರಿಹೋಗಿದೆ. ಅಂತರ ಹೀಗೆ 4, 8, 16 ಎಂದು ಇಮ್ಮಡಿಸುತ್ತ ಹತ್ತನೆಯ ಪದರದಲ್ಲಿ 512 ಆಗುತ್ತದೆ. ಆಗ ಜಾಲಕ್ಕೆ 1,024 ಅಂಕಿಗಳು ಕಾಣುತ್ತವೆ. ಅಂತರ ಹಿಗ್ಗಿಸದೆ ಇಷ್ಟು ಕಾಣಲು 1,023 ಪದರ ಬೇಕಾಗುತ್ತಿತ್ತು. ಕಲಿಯುವಾಗ ಇಡೀ ಧ್ವನಿಮುದ್ರಣ ಕೈಯಲ್ಲೇ ಇರುವುದರಿಂದ ಎಲ್ಲ ಅಂಕಿಗಳ ಲೆಕ್ಕವೂ ಒಟ್ಟಿಗೆ ನಡೆಯುತ್ತದೆ, ಸರದಿಯ ಕಾಯುವಿಕೆ ಇಲ್ಲ.

ಈಗ 1,024ನ್ನು 16,000ದಿಂದ ಭಾಗಿಸಿ ನೋಡಿ. ಬರುವುದು 64 ಮಿಲಿಸೆಕೆಂಡ್, ಒಂದು ಅಕ್ಷರ ಉಚ್ಚರಿಸಲೂ ಸಾಲದು! ಅದಕ್ಕೇ ಈ ಹತ್ತು ಪದರಗಳ ಕಟ್ಟನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಆದರೂ ಬರೆದ ಪಠ್ಯ ಕೊಡದೆ ಮಾತಾಡಿಸಿದಾಗ ವೇವ್‌ನೆಟ್ ತೊದಲಿತು. ದನಿ ಮನುಷ್ಯರದೇ, ಪದಗಳು ಮಾತ್ರ ಯಾವ ನಿಘಂಟಿನಲ್ಲೂ ಇಲ್ಲದವು. ಆಗ ಅದರ ನೋಟ ಸುಮಾರು 300 ಮಿಲಿಸೆಕೆಂಡ್, ಅಂದರೆ ಎರಡು-ಮೂರು ಧ್ವನಿಗಳಷ್ಟೆ. ರಿಕರೆಂಟ್ ಜಾಲದ ನೆನಪು ಮೆಲ್ಲಗೆ ಮಸುಕಾದರೆ ಇಲ್ಲಿ ಅದು ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಗೋಡೆ ಎಲ್ಲಿದೆಯೆಂದು ಮೊದಲೇ ಲೆಕ್ಕ ಹಾಕಬಹುದು ಎನ್ನುವುದೇ ನನಗೆ ಇದರ ದೊಡ್ಡ ಗುಣವಾಗಿ ಕಾಣುತ್ತದೆ.

ಮಾತಾಡುವ ಹೊತ್ತಿಗೆ ಮಾತ್ರ ಸರದಿ ಮತ್ತೆ ಬರುತ್ತದೆ, ಮುಂದಿನ ಅಂಕಿ ಇನ್ನೂ ಹುಟ್ಟಿಯೇ ಇರುವುದಿಲ್ಲವಲ್ಲ. ಮೊದಲ ವೇವ್‌ನೆಟ್ ಒಂದು ಸೆಕೆಂಡು ದುಡಿದರೆ 0.02 ಸೆಕೆಂಡಿನ ಮಾತು ಹೊರಬರುತ್ತಿತ್ತು.

ಧ್ವನಿಯ ಆಚೆಗೂ ಈ ಉಪಾಯ ನಡೆಯುತ್ತದೆ. 2018ರಲ್ಲಿ ಬಾಯ್, ಕೋಲ್ಟರ್ ಮತ್ತು ಕೋಲ್ಟುನ್ ಇದೇ ಬಗೆಯ ಸರಳ ಜಾಲವೊಂದನ್ನು ಟಿಸಿಎನ್ ಎಂದು ಕರೆದು ಹಲವು ಬಗೆಯ ಸಾಲುಗಳ ಮೇಲೆ ಪರೀಕ್ಷಿಸಿದರು. ಹೆಚ್ಚಿನವುಗಳಲ್ಲಿ ಅದು ರಿಕರೆಂಟ್ ಜಾಲಗಳನ್ನು ಮೀರಿಸಿತು.

ನೀವೇ ಕಟ್ಟಿ ನೋಡುವುದಾದರೆ ಒಂದು ಎಚ್ಚರಿಕೆ. ಸಾಲಿನ ಆರಂಭದಲ್ಲಿ ಹಿಂದೆ ನೋಡಲು ಏನೂ ಇರುವುದಿಲ್ಲವಾದ್ದರಿಂದ ಅಲ್ಲಿ ಸೊನ್ನೆಗಳನ್ನು ತುಂಬುತ್ತಾರೆ. ಅವನ್ನು ಎಡಗಡೆ ಮಾತ್ರ ತುಂಬದೆ ಎರಡೂ ಕಡೆ ಹಂಚಿದರೆ ನಾಳೆಯ ಉತ್ತರ ಇಂದಿಗೇ ಸೋರುತ್ತದೆ. ತರಬೇತಿಯಲ್ಲಿ ಅಂಕ ನಂಬಲಾಗದಷ್ಟು ಚೆನ್ನಾಗಿ ಬಂದು, ಬಳಕೆಯಲ್ಲಿ ಜಾಲ ನೆಲ ಕಚ್ಚುತ್ತದೆ. ಹತ್ತನೆಯ ಅಂಕಿಯನ್ನು ಬೇಕೆಂದೇ ಬದಲಿಸಿ ನೋಡಿ. ಒಂಬತ್ತನೆಯ ಜಾಗದ ಉತ್ತರ ಕೂದಲೆಳೆಯಷ್ಟು ಅಲುಗಿದರೂ ಎಲ್ಲೋ ಸೋರುತ್ತಿದೆ.